ಜೋಗುಳದ ಮೇಲೆ ಪ್ರಬಂಧ ಬರೆದವಳಿಗೆ ಒಂದು ಶಿಫಾರಸು ಪತ್ರ: ಒಂದು ಪ್ರಕರಣ

ವಿದ್ಯಾರ್ಥಿನಿ ಪಿಟೀಲು ಚೆನ್ನಾಗಿ ನುಡಿಸುತ್ತಾಳೆ. ಒಂದು ಸಮುದಾಯದ ಸಂಗೀತವನ್ನು ಆ ಜನರ ಬದುಕಿನ ಜೊತೆಗಿಟ್ಟು ನೋಡುವ ಎಥ್ನೋಮ್ಯೂಸಿಕಾಲಜಿಯಲ್ಲಿ ಪಿಎಚ್‌ಡಿ ಮಾಡಬೇಕೆಂದು ಕೆಲವು ವಿಶ್ವವಿದ್ಯಾಲಯಗಳಿಗೆ ಅರ್ಜಿ ಹಾಕುತ್ತಿದ್ದಳು. ಕೊನೆಯ ವರ್ಷದ ಪ್ರಬಂಧಕ್ಕೆ ಗೈಡ್ ಆಗಿದ್ದ ಪ್ರೊಫೆಸರ್ ಶಿಫಾರಸು ಪತ್ರ ಬರೆದುಕೊಡಲು ಒಪ್ಪಿದರು. ಅವರದು ಸಂಗೀತದ ಇತಿಹಾಸ, ಎಥ್ನೋಮ್ಯೂಸಿಕಾಲಜಿ ಅಲ್ಲ. ಹಾಗಾಗಿ ಕರಡು ಬರೆದು, ಅವಳ ಹೆಸರು ತೆಗೆದು, ನನಗೆ ಕಳಿಸಿದರು. ನಾನು ಇಂಥ ವಿಭಾಗದ ಪ್ರವೇಶ ಸಮಿತಿಯಲ್ಲಿ ಕೂತು ಅರ್ಜಿಗಳನ್ನು ಓದಿದ್ದೇನೆ. ಆ ಕರಡು ಏನಾಗಿತ್ತು, ಕೊನೆಗೆ ಏನಾಯಿತು ಅನ್ನುವುದೇ ಈ ಬರಹ. ಯಾರ ಗುರುತೂ ಸಿಗದ ಹಾಗೆ ಕೆಲವು ವಿವರಗಳನ್ನು ಬದಲಿಸಿದ್ದೇನೆ.

ಕರಡಿನ ಮೊದಲ ಪ್ಯಾರಾ ಹೀಗಿತ್ತು:

"ನನ್ನ ಇಷ್ಟು ವರ್ಷದ ಅಧ್ಯಾಪನದಲ್ಲಿ ಇಂಥ ಪ್ರತಿಭೆಯನ್ನು ಕಂಡಿಲ್ಲ. ಈಕೆ ಪಿಟೀಲು ನುಡಿಸಿದರೆ ಕೇಳುವವರು ಮೈಮರೆಯುತ್ತಾರೆ. ಒಮ್ಮೆ ಕೇಳಿದ ಧಾಟಿಯನ್ನು ಆ ಕ್ಷಣವೇ ನುಡಿಸಿ ತೋರಿಸಬಲ್ಲಳು. ವಿನಯವಂತೆ, ಶ್ರಮಜೀವಿ, ಎಲ್ಲರೊಂದಿಗೂ ಹೊಂದಿಕೊಂಡು ಹೋಗುವವಳು. ಲೋಕದ ಬಗೆಬಗೆಯ ಸಂಗೀತದ ಮೇಲೆ ಈಕೆಗೆ ಅಪಾರ ಒಲವು."

ಇದರಲ್ಲಿ ಸುಳ್ಳು ಒಂದೂ ಇಲ್ಲ. ಆದರೆ ಸಮಿತಿಯ ಮೇಜಿನ ಮೇಲೆ ಈ ಪ್ಯಾರಾ ಅವಳಿಗೆ ತೊಂದರೆಯನ್ನೇ ಕೊಡುತ್ತದೆ. ಓದುವವರ ಮನಸ್ಸಿನಲ್ಲಿ ಮೊದಲು ಏಳುವ ಪ್ರಶ್ನೆ: ಇಷ್ಟು ಚೆನ್ನಾಗಿ ನುಡಿಸುತ್ತಾಳೆ ಅಂದಮೇಲೆ ವಾದನದ ಕೋರ್ಸಿಗೇ ಹೋಗಬಹುದಲ್ವಾ? ಎರಡನೆಯದು: ಅಲ್ಲಿ ಸೀಟು ಸಿಗದವರು, ಇಲ್ಲವೇ ವೇದಿಕೆ ಸಾಕಾದವರು ಇಲ್ಲಿಗೆ ಬರುವುದುಂಟು, ಇವಳೂ ಹಾಗೇನಾ? ಮೂರನೆಯದನ್ನು ಯಾರೂ ಬಾಯಿಬಿಟ್ಟು ಕೇಳುವುದಿಲ್ಲ. ಈ ಪ್ರೊಫೆಸರ್ ಅವಳ ಪ್ರಬಂಧವನ್ನು ನಿಜವಾಗಿ ಓದಿದ್ದಾರಾ?

ಸಮಿತಿ ಏನನ್ನು ಹುಡುಕುತ್ತದೆ ಅನ್ನುವುದು ಈ ವಿಷಯ ಬೆಳೆದುಬಂದ ದಾರಿಯಿಂದ ತಿಳಿಯುತ್ತದೆ. ಎಥ್ನೋಮ್ಯೂಸಿಕಾಲಜಿ ಎಂಬ ಹೆಸರನ್ನು ಚಾಲ್ತಿಗೆ ತಂದವರು ಡಚ್ ವಿದ್ವಾಂಸ ಯಾಪ್ ಕುನ್ಸ್ಟ್, 1950ರಲ್ಲಿ. ಅದಕ್ಕೂ ಮುಂಚೆ ಇದನ್ನು ತೌಲನಿಕ ಸಂಗೀತಶಾಸ್ತ್ರ ಅನ್ನುತ್ತಿದ್ದರು. ಆಗ ಬೇರೆ ಬೇರೆ ಕಡೆಯಿಂದ ಬಂದ ರೆಕಾರ್ಡಿಂಗ್‌ಗಳನ್ನು ಒಂದು ಕೋಣೆಯಲ್ಲಿ ಕೂತು ಕೇಳಿ, ಹೋಲಿಸಿ ನೋಡುವುದೇ ಮುಖ್ಯ ಕೆಲಸ. 1964ರಲ್ಲಿ ಅಲನ್ ಮೆರಿಯಮ್ ಎಂಬ ಮಾನವಶಾಸ್ತ್ರಜ್ಞ ಒಂದು ಮಾದರಿ ಮುಂದಿಟ್ಟರು. ಸಂಗೀತ ಅಂದರೆ ಏನು ಅಂತ ಆ ಜನ ಅಂದುಕೊಂಡಿದ್ದಾರೆ, ಹಾಡುವಾಗ ಏನು ಮಾಡುತ್ತಾರೆ, ಕಿವಿಗೆ ಬೀಳುವ ಶಬ್ದ ಯಾವುದು, ಈ ಮೂರನ್ನೂ ಒಟ್ಟಿಗೆ ನೋಡಬೇಕು ಎಂದರು. ಆಮೇಲೆ ವಾದ ವಿವಾದ ಬಹಳ ನಡೆದಿದೆ. ಆದರೂ ಅರ್ಜಿ ಓದುವವರ ಕಣ್ಣು ಇವತ್ತಿಗೂ ಈ ಮೂರರ ಮೇಲೆ ಓಡಾಡುತ್ತದೆ. ಪ್ರೊಫೆಸರ ಕರಡಿನಲ್ಲಿ ಇದ್ದದ್ದು ಮೂರನೆಯದು ಮಾತ್ರ, ಅದೂ ಅವಳ ಸ್ವಂತ ಪಿಟೀಲಿನ ಶಬ್ದ.

ಹಾಗಂತ ನುಡಿಸುವುದು ಇಲ್ಲಿ ಲೆಕ್ಕಕ್ಕೇ ಇಲ್ಲ ಅಂತಲ್ಲ. ಇದೇ ವಿಷಯದ ಅಮೆರಿಕನ್ ವಿದ್ವಾಂಸ ಮ್ಯಾಂಟಲ್ ಹುಡ್ 1960ರಲ್ಲೇ ಹೇಳಿದ್ದರು: ಇನ್ನೊಬ್ಬರ ಸಂಗೀತವನ್ನು ಓದುವವರು ಅದನ್ನು ಕಲಿತು ನುಡಿಸಬೇಕು, ಎರಡು ಭಾಷೆ ಬಲ್ಲವರ ಹಾಗೆ ಎರಡು ಸಂಗೀತ ಬಲ್ಲವರಾಗಬೇಕು. ಆದರೆ ಅವರು ಹೇಳಿದ್ದು ಚಿಕ್ಕಂದಿನಿಂದ ಕೈಗೆ ಹತ್ತಿದ ಸಂಗೀತದ ಮಾತಲ್ಲ. ಕಿವಿ ಇನ್ನೂ ಹಿಡಿಯದ ಸಂಗೀತದ ಮುಂದೆ ಎಡವುತ್ತಾ ಕಲಿಯುವ ಮಾತು. ಅವಳ ಪಿಟೀಲು ಎಷ್ಟು ಚೆನ್ನಾಗಿದ್ದರೂ ಈ ಪ್ರಶ್ನೆಗೆ ಉತ್ತರ ಕೊಡುವುದಿಲ್ಲ. ಉತ್ತರ ಬೇರೆ ಕಡೆ ಇತ್ತು.

ಫೋನಿನಲ್ಲಿ ಹೊರಬಂದ ಕಥೆ

ಪ್ರೊಫೆಸರಿಗೆ ಫೋನ್ ಮಾಡಿ ಒಂದೇ ಪ್ರಶ್ನೆ ಕೇಳಿದೆ. "ಸರ್, ಈ ಹುಡುಗಿ ಮೊದಲು ಒಂದು ಅಂದುಕೊಂಡು, ಆಮೇಲೆ ಮನಸ್ಸು ಬದಲಿಸಿದ್ದು ನೆನಪಿದೆಯಾ?" ಪತ್ರ ಬರೆಯುವವರಿಗೆ ನಾನು ಯಾವಾಗಲೂ ಇದನ್ನೇ ಮೊದಲು ಕೇಳುತ್ತೇನೆ. ಗುಣಗಳನ್ನು ಕೇಳಿದರೆ ವಿಶೇಷಣಗಳು ಬರುತ್ತವೆ. ಬದಲಾವಣೆ ಕೇಳಿದರೆ ಘಟನೆ ಬರುತ್ತದೆ.

ಅವರು ಸ್ವಲ್ಪ ಯೋಚಿಸಿ, "ಅಯ್ಯೋ, ಅದೇ ಜೋಗುಳದ ಗಲಾಟೆ ಇದೆಯಲ್ಲ" ಅಂದರು. ಆಮೇಲೆ ಅರ್ಧ ಗಂಟೆ ನಾನು ಸುಮ್ನೆ ಕೇಳಿಸಿಕೊಂಡೆ.

ಅವಳ ಪ್ರಬಂಧ ಜೋಗುಳಗಳ ಮೇಲೆ. ಒಂದೇ ಬಡಾವಣೆಯ ಕೆಲವು ಮನೆಗಳಲ್ಲಿ ತಾಯಂದಿರು, ಅಜ್ಜಿಯರು ಹಾಡುವುದನ್ನು ರೆಕಾರ್ಡ್ ಮಾಡಿದ್ದಳು. ಮೊದಲ ಸುತ್ತು ಹಗಲು ಹೊತ್ತಿನಲ್ಲಿ. ಹಾಡುವವರು ನಡುಮನೆಯಲ್ಲಿ ಕೂತು, ಮೈಕಿನ ಮುಂದೆ, ಗಂಟಲು ಸರಿಮಾಡಿಕೊಂಡು ಹಾಡಿದರು. ಒಂದೊಂದು ಹಾಡು ಎರಡು ಮೂರು ನಿಮಿಷ. ಎಲ್ಲ ಚರಣಗಳೂ ಕ್ರಮವಾಗಿ ಬಂದವು, ಲಯ ಗಟ್ಟಿಯಾಗಿತ್ತು. ಅವನ್ನು ಗೆರೆ ಎಳೆದು, ತಾಳ ಕಟ್ಟಿ, ಅಚ್ಚುಕಟ್ಟಾದ ಸ್ವರಲಿಪಿಯಲ್ಲಿ ಬರೆದುಕೊಂಡು ಬಂದಳು. ಪ್ರೊಫೆಸರೂ ಚೆನ್ನಾಗಿದೆ ಅಂದಿದ್ದರು.

ಆಮೇಲೆ ಒಬ್ಬ ಅಜ್ಜಿ ಒಂದು ಮಾತು ಹೇಳಿದರಂತೆ. "ನೀನು ಬರೆದುಕೊಂಡಿರೋದು ಹಾಡು. ನಾನು ರಾತ್ರಿ ಮಾಡೋದು ಹಾಡಲ್ಲ, ಮಗು ಮಲಗಿಸೋದು." ಅವಳಿಗೆ ಅದು ಮನಸ್ಸಿನಲ್ಲಿ ಕೊರೆಯತೊಡಗಿತು. ಒಪ್ಪಿಗೆ ಕೇಳಿ, ರೆಕಾರ್ಡರನ್ನು ಮಲಗುವ ಕೋಣೆಯಲ್ಲಿ ಇಟ್ಟು, ತಾನು ಹೊರಗೆ ಬಂದು ಕೂತಳು. ಅದೇ ಅಜ್ಜಿ, ಅದೇ ಜೋಗುಳ. ಹಗಲಲ್ಲಿ ಮೂರು ನಿಮಿಷ ಇದ್ದದ್ದು ರಾತ್ರಿ 17 ನಿಮಿಷ ಆಯಿತು.

ಆ 17 ನಿಮಿಷದಲ್ಲಿ ನಡೆದದ್ದು ಇದು. ಮೊದಲ ಚರಣ ಪೂರ್ತಿ ಬರುತ್ತದೆ. ಎರಡನೆಯದು ಬರುವುದೇ ಇಲ್ಲ, ಮೊದಲ ಎರಡು ಸಾಲೇ ಮತ್ತೆ ಮತ್ತೆ ತಿರುಗುತ್ತವೆ. ನಿಧಾನವಾಗಿ ಪದಗಳು ಉದುರಿ ಬರೀ ಗುನುಗು ಉಳಿಯುತ್ತದೆ. ಧಾಟಿ ಕುಗ್ಗಿ ಎರಡು ಮೂರು ಸ್ವರಗಳ ಮಧ್ಯೆ ಆಡುತ್ತದೆ. ಸಾಲುಗಳ ನಡುವಿನ ಮೌನ ಉದ್ದವಾಗುತ್ತಾ ಹೋಗುತ್ತದೆ. ಮಗು ಮಿಸುಕಿದರೆ ದನಿ ತಕ್ಷಣ ಏರಿ, ಪದಗಳು ವಾಪಸ್ ಬಂದು, ಮೊದಲ ಸಾಲಿನಿಂದ ಮತ್ತೆ ಶುರು. ಮುಗಿಯುವುದು ಹಾಡಿನ ಕೊನೆಯಲ್ಲಲ್ಲ, ಮಗು ಮಲಗಿದಾಗ. ಒಂದು ಸಾಲಿನ ನಡುವೆಯೇ ನಿಂತುಬಿಡುತ್ತದೆ.

ಮೊದಲು ಬರೆದ ಸ್ವರಲಿಪಿ ಇದಕ್ಕೆ ಹೊಂದಲೇ ಇಲ್ಲ. ತಾಳದ ಗೆರೆ ಎಲ್ಲಿ ಹಾಕುವುದು? ಹತ್ತು ಸೆಕೆಂಡಿನ ಮೌನವನ್ನು ಎಷ್ಟು ಮಾತ್ರೆ ಅಂತ ಎಣಿಸುವುದು? ಅಮೆರಿಕದ ಸಂಗೀತಶಾಸ್ತ್ರಜ್ಞ ಚಾರ್ಲ್ಸ್ ಸೀಗರ್ 1958ರಲ್ಲೇ ಹೀಗೆ ಬೇರ್ಪಡಿಸಿದ್ದರು: ಮುಂದೆ ಹೇಗೆ ನುಡಿಸಬೇಕು ಎಂದು ಹೇಳುವ ಬರವಣಿಗೆ ಒಂದು, ಆಗಿಹೋದದ್ದು ಹೇಗಿತ್ತು ಎಂದು ದಾಖಲಿಸುವ ಬರವಣಿಗೆ ಇನ್ನೊಂದು. ಅವಳು ಮೊದಲನೆಯದರಲ್ಲಿ ಬೆಳೆದವಳು. ಈಗ ಎರಡನೆಯದು ಬೇಕಾಯಿತು. ಮೊದಲ ಲಿಪಿಯನ್ನು ಪಕ್ಕಕ್ಕಿಟ್ಟು ಹೊಸದಾಗಿ ಬರೆದಳು. ಕೆಳಗೆ ಸೆಕೆಂಡುಗಳ ಅಳತೆ, ಮೇಲೆ ಸ್ವರ ಏರಿಳಿಯುವ ಗೆರೆ, ಇನ್ನೊಂದು ಸಾಲಿನಲ್ಲಿ ಉಸಿರು, ಬೆನ್ನು ತಟ್ಟಿದ ಸದ್ದು, ಮಗುವಿನ ದನಿ. ಸ್ವರದ ಗೆರೆಯನ್ನು ಸೋನಿಕ್ ವಿಶುವಲೈಸರ್ ಎಂಬ ಸಾಫ್ಟ್‌ವೇರಿನಲ್ಲಿ ತೆಗೆದಳು. ಗುನುಗುವ ದನಿ ಸಣ್ಣದು, ಕೋಣೆಯಲ್ಲಿ ಫ್ಯಾನಿನ ಸದ್ದು ಬೇರೆ. ಇಂಥ ಕಡೆ ಕಂಪ್ಯೂಟರ್ ಸ್ವರವನ್ನು ಒಂದು ಸ್ಥಾಯಿ ಮೇಲಕ್ಕೋ ಕೆಳಕ್ಕೋ ತಪ್ಪಾಗಿ ಗುರುತಿಸುವುದು ಮಾಮೂಲು. ಅವಳು ಗೆರೆಯನ್ನು ಕಣ್ಣುಮುಚ್ಚಿ ನಂಬಲಿಲ್ಲ. ಅನುಮಾನ ಬಂದ ತುಂಡನ್ನೆಲ್ಲ ಮತ್ತೆ ಕಿವಿಯಿಂದ ಕೇಳಿ ತಿದ್ದಿದಳು. ಆ ಪಿಟೀಲಿನ ಕಿವಿ ನಿಜವಾಗಿ ಕೆಲಸಕ್ಕೆ ಬಂದದ್ದು ಇಲ್ಲಿ.

ಇನ್ನೊಂದು ಸಂಗತಿಯನ್ನು ಪ್ರೊಫೆಸರ್ ಹೇಳಿದ್ದು ನಗುತ್ತಾ. ಅವಳೂ ಆ ಗುನುಗನ್ನು ಕಲಿಯಲು ಹೋಗಿ ಅಜ್ಜಿಯಿಂದ ಬೈಸಿಕೊಂಡಳಂತೆ. "ಇಷ್ಟು ಚಂದ ಮಾಡಿ ಹಾಡಿದ್ರೆ ಮಗು ಎದ್ದು ಕೇಳುತ್ತೆ, ಮಲಗಲ್ಲ." ದನಿಯನ್ನು ಚಪ್ಪಟೆ ಮಾಡಿ, ಕಂಪನ ಬಿಟ್ಟು ಹಾಡುವುದನ್ನು ಕಲಿಯಲು ಅವಳಿಗೆ ಸಾಕಷ್ಟು ದಿನ ಹಿಡಿಯಿತು. ಹುಡ್ ಹೇಳಿದ ಕಲಿಕೆ ಇದೇ. ಪ್ರೊಫೆಸರಿಗೆ ಅದು ಪತ್ರದಲ್ಲಿ ಬರೆಯುವಂಥ ವಿಷಯ ಅಂತ ಹೊಳೆದಿರಲೇ ಇಲ್ಲ. ಅವರ ಪ್ರಕಾರ ಅದು ಸ್ಟಾಫ್ ರೂಮಿನ ತಮಾಷೆ.

ಎರಡನೆಯ ಕರಡು

ಹೊಸ ಕರಡಿನಲ್ಲಿ ಅವಳ ಪಿಟೀಲು ಕಾರ್ಯಕ್ರಮಗಳ ಪಟ್ಟಿ ಹೋಯಿತು. ಮೈಮರೆಯುವ ಕೇಳುಗರೂ ಹೋದರು. ಮೊದಲ ಪ್ಯಾರಾದಲ್ಲಿ ಪ್ರೊಫೆಸರ್ ಯಾರು, ಅವಳನ್ನು ಎಷ್ಟು ಕಾಲದಿಂದ ಬಲ್ಲರು, ಏನೇನು ಪಾಠ ಮಾಡಿದ್ದಾರೆ ಎಂಬ ನಾಲ್ಕು ಸಾಲು. ಎರಡನೆಯದು ಹೀಗೆ ಬಂತು:

"ಪ್ರಬಂಧದ ನಡುವೆ ಈಕೆ ತನ್ನ ಸ್ವರಲಿಪಿಯನ್ನೆಲ್ಲ ಬದಿಗಿಟ್ಟು ಮೊದಲಿನಿಂದ ಶುರು ಮಾಡಿದಳು. ನಾನು ಹಾಗೆ ಮಾಡಲು ಹೇಳಿರಲಿಲ್ಲ. ನಿಜ ಹೇಳಬೇಕೆಂದರೆ ಬೇಡವೆಂದೇ ಹೇಳಿದ್ದೆ, ಏಕೆಂದರೆ ಸಮಯ ಕಡಿಮೆ ಇತ್ತು. ಮೈಕಿನ ಮುಂದೆ ಹಾಡಿದ ಜೋಗುಳವೂ ಮಗು ಮಲಗಿಸುವಾಗಿನ ಜೋಗುಳವೂ ಒಂದೇ ಎಂದುಕೊಂಡರೆ ಪ್ರಬಂಧದ ಪ್ರಶ್ನೆಯೇ ತಪ್ಪಾಗುತ್ತದೆ ಎಂದು ಈಕೆ ವಾದಿಸಿದಳು. 17 ನಿಮಿಷದ ಒಂದು ರೆಕಾರ್ಡಿಂಗನ್ನು ಕೇಳಿಸಿ, ಧಾಟಿ ಯಾವ ಕ್ಷಣದಲ್ಲಿ ಕುಗ್ಗುತ್ತದೆ, ಯಾವ ಕ್ಷಣದಲ್ಲಿ ಮತ್ತೆ ತೆರೆದುಕೊಳ್ಳುತ್ತದೆ ಎಂದು ತೋರಿಸಿದಳು. ಆಮೇಲೆ ನಾನು ವಾದ ಬಿಟ್ಟೆ."

ಇದನ್ನು ಓದಿದಾಗ ನನಗೆ ಸಮಾಧಾನ ಆಯಿತು. ಪ್ರೊಫೆಸರ್ ಪತ್ರದೊಳಗೆ ನಿಜವಾದ ಮನುಷ್ಯರಾಗಿ ಕಾಣಿಸಿಕೊಂಡರು. "ನಾನು ಬೇಡ ಅಂದಿದ್ದೆ" ಎಂಬ ಮಾತನ್ನು ವಿದ್ಯಾರ್ಥಿನಿ ಅರ್ಜಿಯ ಜೊತೆ ತಾನೇ ಬರೆದಿಡುವ ಉದ್ದೇಶ ಪತ್ರದಲ್ಲಿ ಬರೆದುಕೊಳ್ಳಲು ಆಗುವುದಿಲ್ಲ. ಬರೆದರೆ ಜಂಬ ಅನ್ನಿಸುತ್ತದೆ. ಪ್ರೊಫೆಸರ್ ಬರೆದರೆ ಸಾಕ್ಷಿ ಆಗುತ್ತದೆ. ಅವಳ ಬಾಯಲ್ಲಿ ಬಂದರೆ ಯಾರೂ ನಂಬದ, ಪ್ರೊಫೆಸರ ಬಾಯಲ್ಲಿ ಬಂದರೆ ನಂಬುವ ಸಂಗತಿಗಳಿಗಾಗಿಯೇ ಈ ಪತ್ರ ಕೇಳುವುದು.

ವಿಶೇಷಣಗಳ ಬಗ್ಗೆ ಒಂದು ಮಾತು. ವಿನಯವಂತೆ, ಶ್ರಮಜೀವಿ, ಹೊಂದಿಕೊಂಡು ಹೋಗುವವಳು ಎಂಬ ಮೂರೂ ಪದ ತೆಗೆಸಿದೆ. ಪ್ರೊಫೆಸರಿಗೆ ಬೇಸರವಾಯಿತು. "ಒಳ್ಳೆಯ ಮಾತು ಬರೆದರೆ ತಪ್ಪೇನ್ರೀ?" ಅಂದರು. 2003ರಲ್ಲಿ ಫ್ರಾನ್ಸಿಸ್ ಟ್ರಿಕ್ಸ್ ಮತ್ತು ಕ್ಯಾರೊಲಿನ್ ಸೆಂಕಾ ಎಂಬ ಇಬ್ಬರು, ಅಮೆರಿಕದ ಒಂದು ದೊಡ್ಡ ವೈದ್ಯಕೀಯ ಕಾಲೇಜಿನ ಅಧ್ಯಾಪಕ ಹುದ್ದೆಗಳಿಗೆ ಬಂದ 300ಕ್ಕೂ ಹೆಚ್ಚು ಶಿಫಾರಸು ಪತ್ರಗಳನ್ನು ಓದಿ ಬರೆದಿದ್ದಾರೆ. ಹೆಂಗಸರ ಬಗ್ಗೆ ಬರೆದ ಪತ್ರಗಳು ಸರಾಸರಿ ಚಿಕ್ಕವು. ಅನುಮಾನ ಹುಟ್ಟಿಸುವ ಮಾತು ಅವುಗಳಲ್ಲಿ ಜಾಸ್ತಿ. ಗಂಡಸರ ಪತ್ರದಲ್ಲಿ "ಅವರ ಸಂಶೋಧನೆ" ಎಂದು ಬರುವ ಕಡೆ ಹೆಂಗಸರ ಪತ್ರದಲ್ಲಿ "ಅವರ ಪಾಠ", "ಅವರ ತರಬೇತಿ" ಬರುತ್ತದೆ. ಅದು ಬೇರೆ ವಿಷಯ, ಬೇರೆ ಹಂತ, ನಿಜ. ಆದರೆ ನಾನು ಕೇಳಿದ್ದು ಇಷ್ಟೇ: "ಇವಳ ಜಾಗದಲ್ಲಿ ಒಬ್ಬ ಹುಡುಗ ಇದ್ದಿದ್ದರೆ 'ಹೊಂದಿಕೊಂಡು ಹೋಗುವವನು' ಅಂತ ಬರೀತಿದ್ರಾ ಸರ್?" ಅವರು ಮಾತಾಡಲಿಲ್ಲ. ಪದ ಹೋಯಿತು. ಅದರ ಬದಲು, ಹಾಡುವವರು ಅವಳನ್ನು ಎರಡನೆಯ ಸಲ, ಮೂರನೆಯ ಸಲ ತಾವಾಗಿಯೇ ಮನೆಗೆ ಕರೆದದ್ದನ್ನು ಬರೆದರು. ಕ್ಷೇತ್ರಕಾರ್ಯ ಬಲ್ಲವರಿಗೆ ಆ ಒಂದು ಸಾಲು ಸಾಕು. ಮೊದಲ ಸಲ ಯಾರನ್ನಾದರೂ ಒಳಗೆ ಬಿಡುತ್ತಾರೆ.

ಅಳಿಸಿದ ರೆಕಾರ್ಡಿಂಗ್

ಈ ಪ್ರಕರಣದಲ್ಲಿ ನಾನು ಹೆಚ್ಚು ತಲೆಕೆಡಿಸಿಕೊಂಡದ್ದು ಇದರ ಬಗ್ಗೆ.

ಪ್ರಬಂಧ ಗಡುವು ದಾಟಿ ಎರಡು ವಾರಕ್ಕೆ ಸಲ್ಲಿಕೆಯಾಗಿತ್ತು. ಪ್ರೊಫೆಸರ್ ಅದನ್ನು ಕಪ್ಪುಚುಕ್ಕೆ ಅಂದುಕೊಂಡು ಪತ್ರದಲ್ಲಿ ಎತ್ತಲೇ ಇಲ್ಲ. ಯಾಕೆ ತಡವಾಯಿತು ಎಂದು ಕೇಳಿದೆ. ಹಾಡಿದವರಲ್ಲಿ ಒಬ್ಬರು ಮೊದಲು ಒಪ್ಪಿಗೆ ಕೊಟ್ಟು, ಕೆಲವು ವಾರಗಳ ನಂತರ ತಮ್ಮ ರೆಕಾರ್ಡಿಂಗ್ ಅಳಿಸಿ ಎಂದು ಕೇಳಿದ್ದರಂತೆ. ಅವಳ ವಾದಕ್ಕೆ ಅತಿ ಗಟ್ಟಿಯಾದ ಉದಾಹರಣೆ ಅದೇ. ಮಗು ನಡುವೆ ಎಚ್ಚರಗೊಂಡು, ಧಾಟಿ ಇದ್ದಕ್ಕಿದ್ದಂತೆ ಬದಲಾಗುವುದು ಅಷ್ಟು ಸ್ಪಷ್ಟವಾಗಿ ಬೇರೆ ಯಾವುದರಲ್ಲೂ ಇರಲಿಲ್ಲ.

ಒಪ್ಪಿಗೆ ಪತ್ರಕ್ಕೆ ಸಹಿ ಬಿದ್ದಿತ್ತು. ಹೆಸರು ಬದಲಿಸಿ ಬಳಸಿಕೊಂಡಿದ್ದರೆ ಯಾರಿಗೂ ಗೊತ್ತಾಗುತ್ತಿರಲಿಲ್ಲ. ಅವಳು ಫೈಲನ್ನು ಅಳಿಸಿದಳು. ಬ್ಯಾಕಪ್ ಪ್ರತಿಗಳನ್ನೂ ತೆಗೆದಳು. ಅದರಿಂದ ಎಳೆದ ಸ್ವರದ ಗೆರೆಯನ್ನೂ ಬಿಡಲಿಲ್ಲ. ಆ ಗೆರೆ ಶಬ್ದವಲ್ಲ, ಬರೀ ಚಿತ್ರ, ಅದನ್ನಾದರೂ ಇಟ್ಟುಕೋ ಎಂದು ಪ್ರೊಫೆಸರೇ ಹೇಳಿದ್ದರು. ಅದೂ ಅವರ ದನಿಯೇ ಅಲ್ವಾ ಸರ್ ಅಂದಳಂತೆ. ಆಮೇಲೆ ಇಡೀ ಅಧ್ಯಾಯವನ್ನು ಅಷ್ಟು ಸ್ಪಷ್ಟವಲ್ಲದ ಬೇರೆ ಎರಡು ಉದಾಹರಣೆಗಳ ಮೇಲೆ ಮತ್ತೆ ಕಟ್ಟಿದಳು. ವಾದ ಸ್ವಲ್ಪ ಮೆತ್ತಗಾಯಿತು. ಮೆತ್ತಗಾಗಿದೆ ಎಂದು ಅವಳೇ ಅಧ್ಯಾಯದ ಕೊನೆಯಲ್ಲಿ ಬರೆದಳು.

ಇದು ಪತ್ರದಲ್ಲಿ ಬರಲೇಬೇಕು ಅಂದೆ. ಈ ವಿಷಯದ ವಿಭಾಗಗಳಿಗೆ ದೊಡ್ಡ ಚಿಂತೆಯೇ ಇದು. ಹಳೆಯ ಸಂಗ್ರಹಾಲಯಗಳಲ್ಲಿ, ಹಾಡಿದವರಿಗೆ ಏನಾಗುತ್ತಿದೆ ಎಂದೇ ತಿಳಿಯದೆ ರೆಕಾರ್ಡ್ ಆದ ದನಿಗಳು ಬೇಕಾದಷ್ಟಿವೆ. ಮೇಣದ ಸಿಲಿಂಡರಿನ ಮೇಲೆ ಮೊದಲ ಕ್ಷೇತ್ರ ರೆಕಾರ್ಡಿಂಗ್ ನಡೆದದ್ದು 1890ರಲ್ಲಿ. ಆಗಿನ ದನಿಗಳು ಯಾರವು, ಯಾರ ಕೈಗೆ ವಾಪಸ್ ಹೋಗಬೇಕು ಎಂಬ ಮಾತುಕತೆ ಇನ್ನೂ ಮುಗಿದಿಲ್ಲ. ಹೀಗಿರುವಾಗ ಒಪ್ಪಿಗೆ ವಾಪಸ್ ಪಡೆದರೆ ಏನು ಮಾಡಬೇಕು ಎಂದು ಯಾರೂ ಹೇಳಿಕೊಡದೆ ಮಾಡಿ ತೋರಿಸಿದವಳು ಇವಳು.

ಆದರೆ ಪ್ರೊಫೆಸರ್ ಬರೆದುಕೊಂಡು ಬಂದದ್ದರಲ್ಲಿ ಇನ್ನೊಂದು ತೊಡಕಿತ್ತು. ಆ ಹೆಂಗಸು ಯಾಕೆ ಮನಸ್ಸು ಬದಲಿಸಿದರು ಎಂಬುದನ್ನೂ ಬರೆದಿದ್ದರು. ಮನೆಯೊಳಗಿನ ಒಂದು ಜಗಳ, ಅತ್ತೆ ಸೊಸೆಯ ವಿಷಯ. ಬಡಾವಣೆಯ ಹೆಸರೂ ಇತ್ತು. ಕಥೆಗೆ ತೂಕ ಬರಲಿ ಎಂದು ಬರೆದದ್ದು, ಕೆಟ್ಟ ಉದ್ದೇಶ ಇರಲಿಲ್ಲ. ಆದರೆ ತನ್ನ ದನಿಯೇ ಬೇಡ ಎಂದು ತೆಗೆಸಿದವರ ಮನೆಯ ಕಥೆ ನಾಲ್ಕಾರು ವಿಶ್ವವಿದ್ಯಾಲಯಗಳ ಕಡತದಲ್ಲಿ ಹೋಗಿ ಕೂರುತ್ತದೆ. ಅಳಿಸಿದ್ದಕ್ಕೆ ಅರ್ಥವೇ ಉಳಿಯಲ್ಲ. ಅದನ್ನು ಪೂರ್ತಿ ತೆಗೆದೆವು. ಕೊನೆಗೆ ಉಳಿದದ್ದು ಇಷ್ಟು:

"ಒಬ್ಬ ಗಾಯಕಿ ಒಪ್ಪಿಗೆಯನ್ನು ಹಿಂದೆ ಪಡೆದಾಗ, ಈಕೆ ಆ ರೆಕಾರ್ಡಿಂಗನ್ನೂ ಅದರಿಂದ ತಯಾರಿಸಿದ ಎಲ್ಲವನ್ನೂ ಅಳಿಸಿದಳು. ಅದು ಪ್ರಬಂಧದ ಮುಖ್ಯ ಆಧಾರವಾಗಿತ್ತು. ಚಿತ್ರವನ್ನಾದರೂ ಉಳಿಸಿಕೊಳ್ಳಬಹುದು ಎಂಬ ನನ್ನ ಸಲಹೆಯನ್ನು ಒಪ್ಪಲಿಲ್ಲ. ಅಧ್ಯಾಯವನ್ನು ಮತ್ತೆ ಬರೆದದ್ದರಿಂದ ಪ್ರಬಂಧ ಎರಡು ವಾರ ತಡವಾಯಿತು. ತಡಕ್ಕೆ ಕಾರಣ ಇದೊಂದೇ."

ಗಾಯಕಿಯ ವಯಸ್ಸಿಲ್ಲ, ಜಾಗವಿಲ್ಲ, ಕಾರಣವಿಲ್ಲ. ಕಪ್ಪುಚುಕ್ಕೆ ಅಂದುಕೊಂಡದ್ದಕ್ಕೂ ಉತ್ತರ ಸಿಕ್ಕಿತು.

ಇದೇ ಬಗೆಯ ಇನ್ನೊಂದು ಸಂಗತಿಯೂ ಇತ್ತು. ಒಂದು ಸೆಮಿಸ್ಟರಿನಲ್ಲಿ ಅವಳ ಅಂಕ ಬಿದ್ದಿತ್ತು. ಆಗ ಅವಳ ತಾಯಿಗೆ ಹುಷಾರಿರಲಿಲ್ಲ. ಪ್ರೊಫೆಸರ್ ಸಹಾನುಭೂತಿಯಿಂದ ಅದನ್ನು ಎರಡು ಸಾಲು ಬರೆದಿದ್ದರು. ಅವಳನ್ನು ಕೇಳಿದಿರಾ ಅಂದೆ, ಇಲ್ಲ ಅಂದರು. ಕೇಳಿದಾಗ ಬೇಡ ಅಂದಳು, ಆ ವಿಷಯ ತಾನೇ ಉದ್ದೇಶ ಪತ್ರದಲ್ಲಿ ಒಂದು ಸಾಲಿನಲ್ಲಿ ಹೇಳುತ್ತೇನೆ ಅಂದಳು. ಸರಿ, ಎರಡೂ ಸಾಲು ಹೋದವು.

ಕುಂದು ಬರೆಯಬೇಕೋ ಬೇಡವೋ

ಪ್ರಬಂಧದಲ್ಲಿ ಸಿದ್ಧಾಂತದ ಅಧ್ಯಾಯ ತೆಳ್ಳಗಿತ್ತು. ಉಳಿದದ್ದನ್ನೆಲ್ಲ ಇಷ್ಟು ಚೆನ್ನಾಗಿ ಬರೆದವಳು ಅಲ್ಲಿ ಮಾತ್ರ ಬೇರೆಯವರ ಮಾತನ್ನು ಪೋಣಿಸಿ ಬಿಟ್ಟಿದ್ದಳು. ಅದನ್ನು ಪತ್ರದಲ್ಲಿ ಹೇಳಿ ಅಂದಾಗ ಪ್ರೊಫೆಸರ್ ಗಾಬರಿಯಾದರು. "ನಾನೇ ಅವಳ ಕಾಲೆಳೆದ ಹಾಗೆ ಆಗಲ್ವಾ?"

ಬರವಣಿಗೆಯ ಮಾದರಿ ಅಂತ ಅವಳು ಅರ್ಜಿಯ ಜೊತೆ ಇಡುವುದು ಇದೇ ಪ್ರಬಂಧದ ಭಾಗಗಳನ್ನು. ಸಮಿತಿ ಅದನ್ನು ಓದಿಯೇ ಓದುತ್ತದೆ, ತೆಳ್ಳಗಿರುವುದು ಕಂಡೇ ಕಾಣುತ್ತದೆ. ಪತ್ರ ಮಾತ್ರ "ಎಲ್ಲ ರೀತಿಯಲ್ಲೂ ಪರಿಪೂರ್ಣ" ಅಂದರೆ, ಅನುಮಾನ ಬರುವುದು ಪ್ರೊಫೆಸರ ಮೇಲೆ. ಆಗ ಜೋಗುಳದ ಕಥೆಯ ಬೆಲೆಯೂ ಇಳಿಯುತ್ತದೆ. ಅವರು ಕೊನೆಗೆ ಹೀಗೆ ಬರೆದರು: "ಸಿದ್ಧಾಂತದ ಓದಿನಲ್ಲಿ ಈಕೆ ಇನ್ನೂ ಆರಂಭದಲ್ಲಿದ್ದಾಳೆ. ನಮ್ಮಲ್ಲಿ ಎಥ್ನೋಮ್ಯೂಸಿಕಾಲಜಿಯ ಕೋರ್ಸೇ ಇಲ್ಲ, ಓದಿದ್ದನ್ನೆಲ್ಲ ತಾನೇ ಹುಡುಕಿ ಓದಿದ್ದಾಳೆ. ನಿಮ್ಮ ಕಾರ್ಯಕ್ರಮದಿಂದ ಈಕೆಗೆ ಬೇಕಾಗಿರುವುದು ಮುಖ್ಯವಾಗಿ ಇದು." ಕುಂದನ್ನು ಹೇಳಿದ್ದೂ ಆಯಿತು, ಯಾಕೆ ಪಿಎಚ್‌ಡಿ ಎಂಬುದಕ್ಕೆ ಕಾರಣ ಕೊಟ್ಟದ್ದೂ ಆಯಿತು.

ಪೋರ್ಟಲಿನಲ್ಲಿ ಪತ್ರದ ಜೊತೆ ಒಂದು ಕೋಷ್ಟಕ ತುಂಬಬೇಕಿತ್ತು. ಬುದ್ಧಿಶಕ್ತಿ, ಬರವಣಿಗೆ, ಸ್ವತಂತ್ರ ಕೆಲಸ ಹೀಗೆ ಸಾಲುಗಳು. ಪ್ರತಿಯೊಂದರ ಮುಂದೆ ಮೊದಲ 2%, 5%, 10% ಎಂಬ ಚೌಕಗಳು. ಪ್ರೊಫೆಸರ್ ಕಣ್ಣುಮುಚ್ಚಿ ಎಲ್ಲದಕ್ಕೂ ಮೊದಲ ಚೌಕ ಒತ್ತಲು ಹೊರಟಿದ್ದರು. ಎಲ್ಲ ಟಿಕ್‌ಗಳೂ ಒಂದೇ ಗೆರೆಯಲ್ಲಿ ಇಳಿದರೆ ಸಮಿತಿಯವರು ಆ ಕೋಷ್ಟಕವನ್ನು ನೋಡುವುದೇ ಇಲ್ಲ. ಬರವಣಿಗೆಗೆ 10% ಹಾಕಿದರು, ಸ್ವತಂತ್ರ ಕೆಲಸಕ್ಕೆ 5%. ಯಾರ ಜೊತೆ ಹೋಲಿಸಿದ್ದು ಎಂಬುದನ್ನು ಪತ್ರದಲ್ಲಿ ಒಂದು ಸಾಲಿನಲ್ಲಿ ಸೇರಿಸಿದರು: ತಾವು 12 ವರ್ಷದಲ್ಲಿ ಮಾರ್ಗದರ್ಶನ ಮಾಡಿದ ಸುಮಾರು 40 ಪ್ರಬಂಧಗಳಲ್ಲಿ, ಪ್ರಶ್ನೆಯನ್ನೇ ಬದಲಿಸುವ ಧೈರ್ಯ ಮಾಡಿದವರು ಇಬ್ಬರೇ, ಇವಳು ಎರಡನೆಯವಳು. "ಇಂಥ ಪ್ರತಿಭೆಯನ್ನು ಕಂಡಿಲ್ಲ" ಎಂಬುದಕ್ಕಿಂತ ಇದು ಚಿಕ್ಕ ಹೊಗಳಿಕೆ. ಆದರೆ ಸಮಿತಿಯಲ್ಲಿ ಯಾರಾದರೂ ಜೋರಾಗಿ ಓದಿ ಹೇಳಬಹುದಾದ ಸಾಲು ಇದೇ.

ಪಿಟೀಲು ಏನಾಯಿತು ಎಂದು ಕೇಳಬಹುದು. ಅರ್ಜಿಗೆ ಮೂರು ಪತ್ರ ಬೇಕಿತ್ತು. ಪಿಟೀಲಿನ ಗುರುಗಳು ಒಂದು ಬರೆಯುತ್ತಿದ್ದರು, ಮಾನವಶಾಸ್ತ್ರ ಪಾಠ ಮಾಡಿದವರು ಇನ್ನೊಂದು. ಮೂವರೂ ಅದೇ ವಾದನವನ್ನೇ ಹೊಗಳಿದರೆ ಎರಡು ಪತ್ರ ದಂಡ. ಹಾಗಂತ ಬರೆಯುವವರು ಒಬ್ಬರದನ್ನೊಬ್ಬರು ನೋಡಿಕೊಂಡು ಬರೆಯುವುದೂ ಸರಿಯಲ್ಲ. ಆದ್ದರಿಂದ ವಿದ್ಯಾರ್ಥಿನಿಯೇ ಮೂವರಿಗೂ ಒಂದೊಂದು ಪುಟ ಕಳಿಸಿದಳು. ನಿಮ್ಮ ತರಗತಿಯಲ್ಲಿ ನಾನು ಮಾಡಿದ ಕೆಲಸ ಇದು, ನೀವು ಇದರ ಬಗ್ಗೆ ಬರೆದರೆ ಅನುಕೂಲ, ಬಾಕಿ ವಿಷಯವನ್ನು ಬೇರೆಯವರು ಬರೆಯುತ್ತಾರೆ ಅಂತ. ಜೊತೆಗೆ ಉದ್ದೇಶ ಪತ್ರ, ಪ್ರಬಂಧ, ಪ್ರತಿ ವಿಶ್ವವಿದ್ಯಾಲಯದ ಕೊನೆಯ ದಿನಾಂಕ. ಪತ್ರ ನೋಡುವ ಹಕ್ಕನ್ನು ಅವಳು ಬಿಟ್ಟುಕೊಟ್ಟಿದ್ದಳು. ಅಮೆರಿಕದಲ್ಲಿ 1974ರ ಒಂದು ಕಾಯಿದೆ ಪ್ರಕಾರ ಸೇರಿದ ಮೇಲೆ ವಿದ್ಯಾರ್ಥಿ ತನ್ನ ಕಡತ ನೋಡಬಹುದು. ಅದನ್ನು ಬಿಟ್ಟುಕೊಡುತ್ತೀರಾ ಎಂದು ಅರ್ಜಿಯಲ್ಲೇ ಕೇಳುತ್ತಾರೆ. ಬಿಟ್ಟುಕೊಡದಿದ್ದರೆ ತಪ್ಪೇನಿಲ್ಲ, ಆದರೆ ಓದುವವರು ಪತ್ರವನ್ನು ಸ್ವಲ್ಪ ಕಡಿಮೆ ನಂಬುತ್ತಾರೆ.

ಪ್ರೊಫೆಸರ ಪತ್ರದಲ್ಲಿ ಪಿಟೀಲಿಗೆ ಉಳಿದದ್ದು ಒಂದೇ ಸಾಲು, ಅಜ್ಜಿಯ ಬೈಗುಳದ ಪಕ್ಕದಲ್ಲಿ: "ವರ್ಷಗಟ್ಟಲೆ ತಿದ್ದಿಕೊಂಡ ದನಿಯನ್ನೂ ಕಿವಿಯನ್ನೂ ಚಪ್ಪಟೆ ಮಾಡಿಕೊಂಡು ಹಾಡಲು ಕಲಿತದ್ದು ಈಕೆಗೆ ಸುಲಭವಾಗಿರಲಿಲ್ಲ, ಏಕೆಂದರೆ ಈಕೆ ಒಳ್ಳೆಯ ಪಿಟೀಲು ವಾದಕಿ."

ಕಳಿಸಿದ ಮೇಲೆ

ಪತ್ರ ಒಂದೂವರೆ ಪುಟ ಆಯಿತು. ಕೆಲವು ಕಡೆ ಎಥ್ನೋಮ್ಯೂಸಿಕಾಲಜಿ ಸಂಗೀತ ವಿಭಾಗದೊಳಗಿದೆ, ಕೆಲವು ಕಡೆ ಅದು ಮಾನವಶಾಸ್ತ್ರಕ್ಕೆ ಹತ್ತಿರ. ಅದಕ್ಕೆ ತಕ್ಕಂತೆ ಎರಡು ರೂಪ ಮಾಡಿದರು. ಮೊದಲನೆಯದರಲ್ಲಿ ಸ್ವರಲಿಪಿ ಬದಲಿಸಿದ ಪ್ಯಾರಾ ಮುಂದೆ, ಎರಡನೆಯದರಲ್ಲಿ ಒಪ್ಪಿಗೆಯ ಪ್ಯಾರಾ ಮುಂದೆ. ಉಳಿದದ್ದು ಅದೇ. ಒಂದು ಕಡೆ ಇನ್ನೊಂದು ವಿಶ್ವವಿದ್ಯಾಲಯದ ಹೆಸರು ಹಾಗೇ ಉಳಿದಿತ್ತು, ಅಪ್‌ಲೋಡ್ ಮಾಡುವ ಮುಂಚೆ ಕಣ್ಣಿಗೆ ಬಿತ್ತು. ಇದು ಎಷ್ಟು ಸಾಮಾನ್ಯ ಎಂದರೆ, ಸಮಿತಿಯಲ್ಲಿ ಕೂತವರು ಈಗ ನಗುವುದನ್ನೂ ಬಿಟ್ಟಿದ್ದಾರೆ.

ಎರಡು ಕಡೆಯಿಂದ ಅವಳಿಗೆ ಸಂದರ್ಶನಕ್ಕೆ ಕರೆ ಬಂತು. ಒಂದರಲ್ಲಿ ಕೇಳಿದ್ದು ನೇರವಾಗಿ ಅಳಿಸಿದ ರೆಕಾರ್ಡಿಂಗ್ ಬಗ್ಗೆ: ಅದೇ ಗಾಯಕಿ ಐದು ವರ್ಷದ ನಂತರ, ಪುಸ್ತಕ ಅಚ್ಚಾದ ಮೇಲೆ, ಬೇಡ ಅಂದಿದ್ದರೆ ಏನು ಮಾಡುತ್ತಿದ್ದಿರಿ? ಅವಳು ನನಗೆ ಗೊತ್ತಿಲ್ಲ ಅಂದಳಂತೆ. ಮುಂದಿನ ಸಲ ಒಪ್ಪಿಗೆ ಕೇಳುವಾಗಲೇ, ಯಾವ ಹಂತದ ತನಕ ವಾಪಸ್ ಪಡೆಯಬಹುದು ಎಂದು ಹಾಡುವವರಿಗೆ ಬಿಡಿಸಿ ಹೇಳುತ್ತೇನೆ ಅಂದಳು. ಇನ್ನೊಂದು ಕಡೆ ಮಕ್ಕಳ ಸಂಗೀತ, ದನಿಯ ಅಧ್ಯಯನ ಮಾಡಿಸುವವರು ಯಾರೂ ಇರಲಿಲ್ಲ, ಅದೇ ಕಾರಣ ಕೊಟ್ಟು ಬೇಡ ಅಂದರು. ಮೊದಲನೆಯ ಕಡೆ ಸೀಟೂ ಫೆಲೋಶಿಪ್ಪೂ ಸಿಕ್ಕಿತು. ಪ್ರೊಫೆಸರ್ ಈಗ ಇನ್ನೊಬ್ಬ ವಿದ್ಯಾರ್ಥಿಯ ಕರಡು ಕಳಿಸಿದ್ದಾರೆ. ಅದರಲ್ಲೂ ಮೊದಲ ಸಾಲು "ಇಂಥ ಪ್ರತಿಭೆಯನ್ನು ಕಂಡಿಲ್ಲ" ಎಂದೇ ಇದೆ.